ಆ ಸ್ಟೇಟಸ್ ನಿಮಗೇ ಹಾಕಿದ್ದಾ?

(ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಯುವಜನರ ಎದುರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಪ್ರೀತಿ ಮುರಿದು ಇನ್ನೂ ತಿಂಗಳು ತುಂಬಿರುವುದಿಲ್ಲ, ಆಗಲೇ ಆ ಕಡೆಯವರು ಹೊಸಬರ ಹೆಗಲ ಮೇಲೆ ಕೈ ಹಾಕಿ ನಗುತ್ತಿರುವ ಫೋಟೊ ಬಂದುಬಿಡುತ್ತದೆ. ಅದನ್ನು ನೋಡಿದವರು ಮೊದಲು ಕೇಳಿಕೊಳ್ಳುವುದು ‘ಅವನು ಖುಷಿಯಾಗಿದ್ದಾನಾ’ ಅಂತ ಅಲ್ಲ, ‘ಇದು ನನ್ನ ಹೊಟ್ಟೆ ಉರಿಸೋಕೆ ಹಾಕಿದ್ದು ತಾನೇ’ ಅಂತ. ಆಪ್ತ ಸಮಾಲೋಚನೆಗೆ ಬರುವವರು ಸ್ಕ್ರೀನ್‌ಶಾಟ್ ಹಿಡಿದುಕೊಂಡೇ ಬರುತ್ತಾರೆ. ಸುಮ್ಮನೆ ‘ತಲೆ ಕೆಡಿಸಿಕೊಳ್ಳಬೇಡಿ’ ಅಂದರೆ ಅವರಿಗೆ ಏನೂ ಪ್ರಯೋಜನವಿಲ್ಲ. ಅವರು ಕೇಳುತ್ತಿರುವುದು ಒಂದು ನೇರ ಪ್ರಶ್ನೆ, ಅದಕ್ಕೆ ಸಾಕ್ಷಿ ನೋಡಿ ಉತ್ತರ ಹೇಳಬಹುದು. ಇವತ್ತು ಆ ಸಾಕ್ಷಿ ನೋಡುವ ಕ್ರಮವನ್ನು ಹೇಳುತ್ತೇವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಕತೆಯೂ ಅಲ್ಲ, ಹಲವರಲ್ಲಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ್ದು. ಹುಡುಗಿ ತುಮಕೂರಿನವಳು, ಇಲ್ಲೇ ಒಂದು ಆಫೀಸಿನಲ್ಲಿ ಕೆಲಸ. ಹುಡುಗ ಚಿಕ್ಕಬಳ್ಳಾಪುರದವನು. ಮೂರು ವರ್ಷದ ಪ್ರೀತಿ. ಬೇಡ ಅಂದವನು ಅವನೇ. 23ನೇ ದಿನ, ಭಾನುವಾರ ಬೆಳಿಗ್ಗೆ, ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮೂರು ಫೋಟೊ. ಒಂದು, ನಂದಿಬೆಟ್ಟದ ಮಂಜು. ಎರಡು, ಪಕ್ಕಪಕ್ಕದಲ್ಲಿ ಎರಡು ಪೇಪರ್ ಲೋಟದ ಕಾಫಿ. ಮೂರನೆಯದರಲ್ಲಿ ಹೊಸ ಹುಡುಗಿಯ ಜೊತೆ ಅವನು, ಮೈಮೇಲೆ ಇವಳೇ ಕೊಡಿಸಿದ ಕಂದು ಸ್ವೆಟರ್. ಕೆಳಗೆ ಎರಡೇ ಪದ: ‘ಕೊನೆಗೂ ನೆಮ್ಮದಿ’.

ಇವಳ ವಾದ ಹೀಗೆ: ‘ನಾವಿಬ್ಬರು ಮೊದಲು ಹೋಗಿದ್ದೇ ನಂದಿಬೆಟ್ಟಕ್ಕೆ. ಸ್ವೆಟರ್ ನಾನು ಕೊಡಿಸಿದ್ದು. ನೆಮ್ಮದಿ ಅಂದರೆ ನಾನಿದ್ದಾಗ ಇರಲಿಲ್ಲ ಅಂತ. ನಾನು ನೋಡುತ್ತೇನೆ ಅಂತ ಗೊತ್ತಿದ್ದೇ ಹಾಕಿದ್ದಾನೆ.’ ನಾಲ್ಕು ಮಾತು, ನಾಲ್ಕೂ ನಂಬುವ ಹಾಗೇ ಇವೆ. ಒಂದೊಂದಾಗಿ ನೋಡೋಣ.

ಮೊದಲು ಜಾಗ. ಒಂದು ಗುರುತು ನಿಮ್ಮ ಕಡೆಗೇ ಬೆರಳು ತೋರಿಸುತ್ತಿದೆ ಅನ್ನಬೇಕಾದರೆ, ನೀವು ಇಲ್ಲದೇ ಹೋಗಿದ್ದರೂ ಅದು ಅಲ್ಲಿ ಇರುತ್ತಿತ್ತಾ ಅಂತ ಕೇಳಿಕೊಳ್ಳಬೇಕು. ಚಿಕ್ಕಬಳ್ಳಾಪುರದ ಹುಡುಗ ಭಾನುವಾರ ಸೂರ್ಯೋದಯಕ್ಕೆ ಹುಡುಗಿಯನ್ನು ಕರೆದುಕೊಂಡು ಬೇರೆ ಎಲ್ಲಿಗೆ ಹೋಗುತ್ತಾನೆ? ನಂದಿಬೆಟ್ಟ, ಇಲ್ಲವೇ ಈಶಾದ ಆದಿಯೋಗಿ. ತುಮಕೂರಿನವರಾದರೆ ದೇವರಾಯನದುರ್ಗ, ಕೋಲಾರದವರಾದರೆ ಅಂತರಗಂಗೆ. ಬೆಂಗಳೂರಿನ ಅರ್ಧ ಗಾಡಿಗಳು ಬೆಳಗಿನ ಜಾವ ಆ ಬೆಟ್ಟದ ಬುಡದಲ್ಲೇ ಸಾಲು ನಿಂತಿರುತ್ತವೆ. ಹಾಗಾಗಿ ‘ನಮ್ಮ ಜಾಗ’ ಅನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ. ಅದೇ ಅವನು ಯಾರೂ ಹೋಗದ ಒಂದು ಕೆರೆ ಏರಿಗೆ, ನೀವಿಬ್ಬರು ಮಾತ್ರ ಕೂರುತ್ತಿದ್ದ ಕಲ್ಲಿಗೆ ಹೋಗಿ, ಆ ಕಲ್ಲಿನದೇ ಫೋಟೊ ಹಾಕಿದ್ದರೆ ಅದಕ್ಕೆ ತೂಕ ಇರುತ್ತಿತ್ತು.

ಸ್ವೆಟರ್ ವಿಷಯ. ಬಯಲುಸೀಮೆಯ ಗಂಡುಹುಡುಗರ ಹತ್ತಿರ ಸಾಮಾನ್ಯವಾಗಿ ಇರುವುದೇ ಒಂದು ಸ್ವೆಟರ್. ನಂದಿಯ ಚಳಿಗೆ ಅದನ್ನೇ ಹಾಕಿಕೊಂಡಿದ್ದಾನೆ. ಯಾರು ಕೊಡಿಸಿದ್ದು ಅನ್ನುವುದು ಹೊಸ ಹುಡುಗಿಗೆ ಗೊತ್ತಿಲ್ಲ, ಅವನಿಗೂ ಬೆಳಗಿನ ನಾಲ್ಕು ಗಂಟೆಗೆ ನೆನಪಾಗಿರಲಿಕ್ಕಿಲ್ಲ. ಕೊಟ್ಟವರು ವಸ್ತುವನ್ನು ಮರೆಯುವುದಿಲ್ಲ, ಉಪಯೋಗಿಸುವವರು ಅದು ಯಾರು ಕೊಟ್ಟಿದ್ದೆಂದು ಬೇಗ ಮರೆಯುತ್ತಾರೆ. ನೋವು ಕೊಡುವ ಸಂಗತಿ, ಒಪ್ಪುತ್ತೇವೆ. ಆದರೆ ಮರೆತಿದ್ದಾನೆ ಅನ್ನುವುದು ಗುರಿಯಿಟ್ಟಿದ್ದಾನೆ ಅನ್ನುವುದಕ್ಕೆ ಪೂರ್ತಿ ವಿರುದ್ಧ.

‘ಕೊನೆಗೂ ನೆಮ್ಮದಿ’ ಅನ್ನುವ ಸಾಲನ್ನು ಮೂರು ಜನರ ಕಣ್ಣಿನಿಂದ ಓದಿ ನೋಡಿ. ಹೊಸ ಹುಡುಗಿ ಓದಿದರೆ ಅದು ‘ನೀನು ಸಿಕ್ಕಿದ್ದು ನನ್ನ ಪುಣ್ಯ’. ಅವನ ಗೆಳೆಯರು ಓದಿದರೆ ‘ಮಗ ಪರವಾಗಿಲ್ಲ, ಸುಧಾರಿಸಿಕೊಂಡ’. ನೀವು ಓದಿದರೆ ಬೈಗುಳ. ಮೂರೂ ಓದು ಸಾಧ್ಯ. ಆದರೆ ಬರೆಯುವಾಗ ಪಕ್ಕದಲ್ಲಿ ಕೂತಿದ್ದವಳು ಯಾರು? ಸ್ಟೇಟಸ್ ಹಾಕಿದ ಕೂಡಲೇ ಮೊಬೈಲ್ ಅವಳ ಕಡೆ ತಿರುಗಿಸಿ ‘ನೋಡು’ ಅಂದಿರುತ್ತಾನೆ. ಹೊಸ ಸಂಬಂಧದ ಮೊದಲ ವಾರಗಳ ಪೋಸ್ಟಿಗೆ ಮೊದಲ ಓದುಗರು ಬಹುತೇಕ ಆ ಹೊಸಬರೇ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಲಿಡಿಯಾ ಎಮೆರಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋಡಿಗಳಲ್ಲಿರುವವರು ಯಾವ ದಿನ ತಮ್ಮ ಸಂಬಂಧವನ್ನು ಫೇಸ್‌ಬುಕ್‌ನಲ್ಲಿ ಹೆಚ್ಚು ತೋರಿಸಿಕೊಳ್ಳುತ್ತಾರೆ ಅಂತ ನೋಡಿದರು. ಸಂಗಾತಿಗೆ ತನ್ನ ಮೇಲೆ ನಿಜವಾಗಿ ಪ್ರೀತಿ ಇದೆಯೋ ಇಲ್ಲವೋ ಎಂಬ ಅನುಮಾನ ಎಂದಿಗಿಂತ ಹೆಚ್ಚಾಗಿ ಕಾಡಿದ ದಿನಗಳಲ್ಲೇ ತೋರಿಸಿಕೊಳ್ಳುವುದು ಹೆಚ್ಚಿತ್ತು. ಇದನ್ನು ಕೇಳಿ ‘ಹಾಗಾದರೆ ಅವರ ಸಂಬಂಧ ಗಟ್ಟಿ ಇಲ್ಲ’ ಅಂತ ಕುಣಿಯಬೇಡಿ, ಒಂದು ಪೋಸ್ಟ್ ನೋಡಿ ಒಬ್ಬರ ಸಂಬಂಧದ ಆಯಸ್ಸು ಹೇಳಲಿಕ್ಕೆ ಆಗುವುದಿಲ್ಲ. ನಮಗೆ ಬೇಕಾದ ಅಂಶ ಇಷ್ಟೇ: ಆ ಪೋಸ್ಟ್ ಅವರಿಬ್ಬರ ನಡುವಿನ ಯಾವುದೋ ಕೆಲಸ ಮಾಡುತ್ತಿರುತ್ತದೆ, ಅದರಲ್ಲಿ ನೀವು ಇಲ್ಲದೆಯೂ ಇರಬಹುದು.

ಇನ್ನು ನಾಲ್ಕನೆಯ ಮಾತು, ‘ನಾನು ನೋಡುತ್ತೇನೆ ಅಂತ ಗೊತ್ತಿದ್ದೇ ಹಾಕಿದ್ದಾನೆ’. ಇಲ್ಲಿ ನಿಜವಾದ ಸಾಕ್ಷಿ ಸಿಗುತ್ತದೆ, ಸ್ವಲ್ಪ ನಿಧಾನವಾಗಿ ನೋಡೋಣ.

ವಾಟ್ಸಾಪ್ ಸ್ಟೇಟಸ್ ಯಾರಿಗೆ ಕಾಣಬೇಕು ಅಂತ ಹಾಕುವವರು ಮೂರು ರೀತಿ ಆರಿಸಬಹುದು: My contacts, My contacts except..., Only share with.... ಏನೂ ಮುಟ್ಟದಿದ್ದರೆ ಮೊದಲನೆಯದೇ ಇರುತ್ತದೆ, ಅಂದರೆ ಫೋನಿನಲ್ಲಿ ಉಳಿಸಿಕೊಂಡ ಎಲ್ಲ ನಂಬರ್‌ಗಳಿಗೂ. ನಿಮ್ಮ ನಂಬರ್ ಅವರಲ್ಲಿ, ಅವರದು ನಿಮ್ಮಲ್ಲಿ, ಎರಡೂ ಉಳಿದಿದ್ದರೆ ಸ್ಟೇಟಸ್ ಕಾಣುತ್ತದೆ. ಹಾಗಾಗಿ ಸ್ಟೇಟಸ್ ಕಾಣಿಸಿತು ಎಂಬುದರಿಂದ ನೇರವಾಗಿ ತಿಳಿಯುವುದು ಒಂದೇ, ಅವನು ನಿಮ್ಮ ನಂಬರ್ ಅಳಿಸಿಲ್ಲ. ಹಾಲಿನವನ ನಂಬರ್, ಹಳೆಯ ಪಿ.ಜಿ. ಮಾಲೀಕರ ನಂಬರ್ ಕೂಡ ಅಳಿಸಿರುವುದಿಲ್ಲ.

ಆದರೆ ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಹುಡುಗಿಯ ಜೊತೆಗಿನ ಫೋಟೊವನ್ನು ಅಪ್ಪ, ದೊಡ್ಡಪ್ಪ, ಸೋದರತ್ತೆ ನೋಡುವ ಹಾಗೆ ಯಾರೂ ಸುಮ್ಮನೆ ಹಾಕುವುದಿಲ್ಲ. ಹಾಕುವ ಮುಂಚೆ ಆ ಪಟ್ಟಿ ತೆಗೆದು ಮನೆಯವರನ್ನು ಬಿಟ್ಟು ಹಾಕುತ್ತಾರೆ. ಆದ್ದರಿಂದ ‘ಸ್ಟೇಟಸ್ ಅವರ ಮನೆಯವರಿಗೆ ಕಂಡಿದೆಯಾ’ ಎಂಬುದು ದೊಡ್ಡ ಸುಳಿವು. ಕಂಡಿದ್ದರೆ, ಅದು ಬಹುಶಃ ಮನೆಯವರಿಗೂ ಗೊತ್ತಿರುವ ಸಂಬಂಧ. ಹೆಣ್ಣು ನೋಡುವ ಶಾಸ್ತ್ರ ಮುಗಿದು ನಿಶ್ಚಿತಾರ್ಥದ ಮಾತು ನಡೆದಿರಬಹುದು, ಫೋಟೊ ನೆಂಟರಿಗೆ ತೋರಿಸಲು ಹಾಕಿದ್ದು. ಇಷ್ಟು ಬೇಗ ಹೇಗೆ ಅನ್ನುವ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ. ಕಂಡಿಲ್ಲದಿದ್ದರೆ, ಅವನು ಪಟ್ಟಿ ತೆರೆದು ಹೆಸರುಗಳ ಮೇಲೆ ಕಣ್ಣಾಡಿಸಿದ್ದಾನೆ, ನಿಮ್ಮ ಹೆಸರಿನ ಮುಂದೆ ಗುರುತು ಹಾಕಿಲ್ಲ. ಇದು ಅಲಕ್ಷ್ಯ ಇರಬಹುದು, ಬೇಕಂತಲೇ ಬಿಟ್ಟಿದ್ದೂ ಇರಬಹುದು. ಅನುಮಾನಕ್ಕೆ ಸ್ವಲ್ಪ ಜಾಗ ಆಯಿತು, ತೀರ್ಪಿಗೆ ಇನ್ನೂ ಸಾಲದು. (ಇದನ್ನು ತಿಳಿಯಲು ಅವನ ತಂಗಿಗೆ ಫೋನ್ ಮಾಡಬೇಡಿ. ಗೊತ್ತಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ.)

ಗಟ್ಟಿ ಸಾಕ್ಷಿ ಯಾವುದು ಹಾಗಾದರೆ? ಬದಲಾವಣೆ. ಬ್ರೇಕಪ್ ಆದ ದಿನದಿಂದ ಅವನ ಒಂದು ಸ್ಟೇಟಸ್ಸೂ ನಿಮಗೆ ಕಾಣುತ್ತಿರಲಿಲ್ಲ, ಬೇರೆಯವರಿಗೆಲ್ಲ ಕಾಣುತ್ತಿತ್ತು, ಇದ್ದಕ್ಕಿದ್ದ ಹಾಗೆ ಈ ಒಂದು ಮಾತ್ರ ಕಾಣಿಸಿತು ಅಂದರೆ ಯಾರೋ ಬಾಗಿಲು ತೆಗೆದಿದ್ದಾರೆ ಅಂತಲೇ ಅರ್ಥ. ಹಾಗೆಯೇ, ಸ್ಟೇಟಸ್ ಹಾಕುವ ಅಭ್ಯಾಸವೇ ಇಲ್ಲದವನು ನೀವು ಬಳಸುವ ಜಾಗದಲ್ಲೇ ಶುರು ಮಾಡಿದರೆ, ನೀವು ನೋಡಿದ ಸ್ವಲ್ಪ ಹೊತ್ತಿಗೆ ಅಳಿಸುವುದು ಮತ್ತೆಮತ್ತೆ ಆದರೆ, ನಿಮ್ಮಿಬ್ಬರಿಗೆ ಮಾತ್ರ ಅರ್ಥವಾಗುವ ಅಡ್ಡಹೆಸರನ್ನೋ ನಿಮ್ಮ ಜಗಳದ ಮಾತನ್ನೋ ಅಲ್ಲಿ ಬರೆದರೆ, ಅಥವಾ ಗೆಳತಿಯನ್ನು ‘ಅವಳು ನೋಡಿದಳಾ? ಏನಂದಳು?’ ಅಂತ ವಿಚಾರಿಸಿದರೆ, ಗುರಿ ನೀವೇ. ಈ ಕೊನೆಯದೊಂದೇ ಸಾಕು. ಹೇಳಿದ್ದು ತಲುಪಿತಾ ಅಂತ ಕೇಳುವವನು ನಿಮಗೇ ಹೇಳಿದ್ದಾನೆ.

ಸಾಕ್ಷಿ ಅಂತ ಜನ ತರುವ, ಆದರೆ ಏನೂ ಹೇಳದ ಎರಡು ಸಂಗತಿಗಳನ್ನೂ ಹೇಳಿಬಿಡಬೇಕು. ಒಂದು, ಇನ್‌ಸ್ಟಾಗ್ರಾಮ್‌ನಲ್ಲಿ ಅವರ ಸ್ಟೋರಿ ಸಾಲಿನ ತುದಿಯಲ್ಲೇ ಬಂದು ನಿಲ್ಲುವುದು. ಆ ಸಾಲನ್ನು ಜೋಡಿಸುವುದು ಅವರಲ್ಲ, ಆ್ಯಪ್. ನೀವು ಯಾರದನ್ನು ಹೆಚ್ಚು ನೋಡುತ್ತೀರೋ ಅವರು ಮುಂದೆ ಬರುತ್ತಾರೆ. ದಿನಕ್ಕೆ ಹತ್ತು ಸಲ ಅವರ ಪ್ರೊಫೈಲ್ ತೆರೆದರೆ ಅವರೇ ಎದುರಿಗೆ ನಿಂತಿರುತ್ತಾರೆ. ಇನ್ನೊಂದು, ಬೇಗ ಆಯಿತು ಅನ್ನುವುದು. ನಿಮಗೆ ಬ್ರೇಕಪ್ ಆಗಿ 23 ದಿನ. ಬಿಟ್ಟು ಹೋದವರು ಮನಸ್ಸಿನಲ್ಲಿ ಹೊರಟು ಎಷ್ಟೋ ತಿಂಗಳಾಗಿರಬಹುದು, ಹೇಳಿದ್ದು ಮಾತ್ರ ಕೊನೆಗೆ. ನಿಮ್ಮ ಕ್ಯಾಲೆಂಡರಿನಿಂದ ಅವರ ದಿನ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಇದ್ದರೂ ಮನಸ್ಸು ‘ನನಗೇ’ ಅಂತ ಹಟ ಹಿಡಿಯುವುದು ಯಾಕೆ? ಮೂರು ವರ್ಷ ಅವನು ಹಾಕಿದ ಪ್ರತಿಯೊಂದು ಪೋಸ್ಟನ್ನೂ ಮೊದಲು ನೋಡುತ್ತಿದ್ದವರು ನೀವು. ಎಷ್ಟೋ ಪೋಸ್ಟ್ ನಿಜವಾಗಿ ನಿಮಗಾಗಿಯೇ ಇದ್ದವು. ಹೆಸರು ಹಾಕದೆ ಬರೆದ ಸಾಲಿನಲ್ಲಿ ನಿಮ್ಮನ್ನು ಹುಡುಕುವುದನ್ನು ನೀವು ಅಭ್ಯಾಸ ಮಾಡಿಕೊಂಡಿದ್ದೀರಿ, ಆ ಅಭ್ಯಾಸ 23 ದಿನಕ್ಕೆ ಹೋಗುವುದಿಲ್ಲ. ಜೊತೆಗೆ ಇನ್ನೊಂದಿದೆ, ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಹೊಟ್ಟೆ ಉರಿಸಲಾದರೂ ನನ್ನನ್ನು ನೆನೆಯುತ್ತಿದ್ದಾನೆ ಅನ್ನುವುದು, ನನ್ನ ನೆನಪೇ ಇಲ್ಲ ಅನ್ನುವುದಕ್ಕಿಂತ ಕಡಿಮೆ ನೋಯಿಸುತ್ತದೆ. ಹಾಗಾಗಿ ‘ಗುರಿ ನೀವಲ್ಲ’ ಅಂತ ಹೇಳಿದಾಗ ಕೆಲವರು ಸಮಾಧಾನ ಆಗುವ ಬದಲು ಅಳುತ್ತಾರೆ. ಗೆಳತಿಗೆ ಇಂಥ ಮಾತು ಹೇಳಲು ಹೊರಟವರು ಇದನ್ನು ನೆನಪಿಡಿ.

ನಮ್ಮ ಉದಾಹರಣೆಗೆ ಬಂದರೆ, ಜಾಗ, ಸ್ವೆಟರ್, ಸಾಲು ಮೂರೂ ಬಿದ್ದುಹೋದವು. ಉಳಿದದ್ದು ಮನೆಯವರನ್ನು ಬಿಟ್ಟು ಹಾಕಿ ಇವಳನ್ನು ಬಿಡಲಿಲ್ಲವೇನೋ ಎಂಬ ಒಂದು ಅನುಮಾನ. 23ನೇ ದಿನದ ತೀರ್ಪು: ಗುರಿ ಇವಳಲ್ಲದಿರುವ ಸಾಧ್ಯತೆಯೇ ಹೆಚ್ಚು. ಈಗ ಕತೆಯನ್ನು ಒಂದು ವಾರ ಮುಂದಕ್ಕೆ ಒಯ್ಯೋಣ. ಅವನು ಇಬ್ಬರಿಗೂ ಗೊತ್ತಿರುವ ಗೆಳತಿಗೆ ಮೆಸೇಜ್ ಮಾಡುತ್ತಾನೆ, ‘ಅವಳು ನನ್ನ ಸ್ಟೇಟಸ್ ನೋಡ್ತಿಲ್ವಾ ಈಗ?’ ತೀರ್ಪು ಅಲ್ಲಿಗೇ ಬದಲಾಯಿತು. ಹಿಂದಿನದು ಹೇಗೋ ಏನೋ, ಈಗ ಅವನಿಗೆ ಇವಳ ಕಣ್ಣು ಬೇಕಾಗಿದೆ.

ಗುರಿಯಿಟ್ಟವರಿಗೆ ಏಟು ಬಿದ್ದದ್ದು ಗೊತ್ತಾಗುವುದು ಹೇಗೆ? ನೋಡಿದವರ ಪಟ್ಟಿಯಿಂದ. ಸ್ಟೇಟಸ್ಸೂ ಸ್ಟೋರಿಯೂ 24 ಗಂಟೆಗೆ ಮಾಯವಾಗುತ್ತವೆ, ಇನ್‌ಸ್ಟಾಗ್ರಾಮ್ ಸ್ಟೋರಿ ಯಾರು ನೋಡಿದರು ಎಂಬ ಪಟ್ಟಿ ಮಾತ್ರ ಹಾಕಿದವರಿಗೆ 48 ಗಂಟೆವರೆಗೆ ಸಿಗುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದರೆ ನೀವು ಉತ್ತರ ಕೊಟ್ಟ ಹಾಗೆಯೇ, ಒಂದಕ್ಷರ ಬರೆಯದಿದ್ದರೂ.

ಆದ್ದರಿಂದ ಮಾಡಬೇಕಾದ ಕೆಲಸ ಮ್ಯೂಟ್. ಇನ್‌ಸ್ಟಾಗ್ರಾಮ್‌ನಲ್ಲಿ ಅವರ ಪ್ರೊಫೈಲ್ ತೆರೆದು Following ಒತ್ತಿ, Mute ಒಳಗೆ Posts, Stories ಎರಡನ್ನೂ ಆನ್ ಮಾಡಿ. ವಾಟ್ಸಾಪ್‌ನಲ್ಲಿ ಅವರ ಸ್ಟೇಟಸ್ ಮೇಲೆ ಬೆರಳು ಒತ್ತಿ ಹಿಡಿದರೆ Mute ಬರುತ್ತದೆ. ಎರಡರಲ್ಲೂ ಆ ಕಡೆಗೆ ಸುದ್ದಿ ಹೋಗುವುದಿಲ್ಲ. ಆಮೇಲೆ ಹುಡುಕುವ ಜಾಗಕ್ಕೆ ಹೋಗಿ ಅವರ ಹೆಸರನ್ನು ಹಳೆಯ ಹುಡುಕಾಟಗಳಿಂದ ಅಳಿಸಿ, ಇಲ್ಲದಿದ್ದರೆ ಬೇರೇನೋ ಹುಡುಕಲು ಹೋದಾಗಲೂ ಆ ಹೆಸರೇ ಎದುರಾಗುತ್ತದೆ. ಹೊಸ ಹುಡುಗಿಯ ಅಕೌಂಟ್ ಎರಡನೇ ಬಾಗಿಲು. ಅದು ಎಲ್ಲರಿಗೂ ತೆರೆದ ಅಕೌಂಟ್ ಆಗಿದ್ದರೆ ನೀವು ಅದನ್ನು ಬ್ಲಾಕ್ ಮಾಡುವುದೇ ಒಳ್ಳೆಯದು, ನಿಮ್ಮ ಬೆರಳಿನಿಂದ ನಿಮ್ಮನ್ನು ಕಾಪಾಡಿಕೊಳ್ಳಲು.

ಎಕ್ಸ್‌ನ್ನೇ ಯಾಕೆ ಮೊದಲು ಬ್ಲಾಕ್ ಮಾಡಬಾರದು? ಮಾಡಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಬ್ಲಾಕ್ ಮಾಡಿ ಎರಡು ದಿನಕ್ಕೆ ತೆಗೆಯುವವರೇ ಬಹಳ. ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಮಾಡಿದ ಕ್ಷಣ ಎರಡೂ ಕಡೆಯ ಫಾಲೋ ಕಡಿದುಹೋಗುತ್ತದೆ, ಬ್ಲಾಕ್ ತೆಗೆದರೂ ಅದು ತಾನಾಗಿ ವಾಪಸ್ ಬರುವುದಿಲ್ಲ. ಮತ್ತೆ ನೋಡಬೇಕೆಂದರೆ ಹೊಸದಾಗಿ ಫಾಲೋ ಒತ್ತಬೇಕು, ಅವರ ಫೋನಿಗೆ ನಿಮ್ಮ ಹೆಸರಿನಲ್ಲಿ ಸುದ್ದಿ ಹೋಗುತ್ತದೆ. ಮುಜುಗರದ ಸಂಗತಿ. ಬೈಗುಳ, ಬೆದರಿಕೆ, ಹೊಸಹೊಸ ನಂಬರಿನಿಂದ ಕರೆ ಇದ್ದರೆ ಮಾತ್ರ ಯೋಚನೆಯೇ ಬೇಡ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ನೇರ ಬ್ಲಾಕ್.

ಮ್ಯೂಟ್ ಮಾಡಿದವರು ಎಡವುವುದು ಎಲ್ಲಿ ಅಂತಲೂ ಹೇಳಬೇಕು. ಮೊದಲನೆಯದು ಗೆಳತಿ. ‘ಏನಾದ್ರೂ ಹಾಕಿದ್ನಾ?’ ಅಂತ ಕೇಳಿದರೆ ಅವಳು ಪಾಪ, ಸ್ಕ್ರೀನ್‌ಶಾಟ್ ಕಳಿಸುತ್ತಾಳೆ. ಸ್ಟೋರಿ 24 ಗಂಟೆಗೆ ಹೋಗುತ್ತಿತ್ತು, ಸ್ಕ್ರೀನ್‌ಶಾಟ್ ನಿಮ್ಮ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅವಳಿಗೆ ಮುಂಚೆಯೇ ಹೇಳಿಬಿಡಿ, ‘ನಾನು ಕೇಳಿದರೂ ಹೇಳಬೇಡ ಕಣೇ’ ಅಂತ. ಎರಡನೆಯದು ವಾಟ್ಸಾಪ್‌ನಲ್ಲಿ ರೀಡ್ ರಿಸೀಟ್ ಆಫ್ ಮಾಡಿ ಕದ್ದು ನೋಡುವುದು. ಹೌದು, ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಅವರಿಗೆ ಸಿಗುವ ಖುಷಿ ತಪ್ಪಿತು, ನಿಮಗೆ ಆಗುವ ನೋವು ತಪ್ಪಲಿಲ್ಲ. ತಾರಾ ಮಾರ್ಷಲ್ 2012ರಲ್ಲಿ 464 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಳೆಯ ಸಂಗಾತಿಯ ಫೇಸ್‌ಬುಕ್ ಪುಟವನ್ನು ಹೆಚ್ಚು ಗಮನಿಸುತ್ತಿದ್ದವರಲ್ಲೇ ಬ್ರೇಕಪ್‌ನ ಸಂಕಟ, ಹಂಬಲ ಹೆಚ್ಚಿತ್ತು. ನೋಡಿದ್ದರಿಂದ ಸಂಕಟವೋ, ಸಂಕಟ ಇರುವವರೇ ಹೆಚ್ಚು ನೋಡುತ್ತಾರೋ ಎಂಬುದನ್ನು ಅಂಥ ಅಧ್ಯಯನ ಬಿಡಿಸಿ ಹೇಳುವುದಿಲ್ಲ. ಬಹುಶಃ ಎರಡೂ ಒಂದನ್ನೊಂದು ತಳ್ಳುತ್ತವೆ.

ಮೂರನೆಯದು ಫೇಕ್ ಅಕೌಂಟ್. ಇದನ್ನು ಹುಡುಗರಿಗೆ ಬಿಡಿಸಿ ಹೇಳುತ್ತೇವೆ. ಒಬ್ಬ ಹೆಣ್ಣುಮಗಳ ಇಂಟರ್‌ನೆಟ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಹಿಂಬಾಲಿಸುವ ಅಪರಾಧದ ವ್ಯಾಖ್ಯೆಗೇ ಸೇರಿದೆ. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಜೈಲು. ‘ಸುಮ್ನೆ ನೋಡ್ತಿದ್ದೆ’ ಅನ್ನುವುದು ಠಾಣೆಯಲ್ಲಿ ಒಳ್ಳೆಯ ಉತ್ತರ ಅಲ್ಲ. ಇನ್ನು ಆ ಕಡೆಯವರು ನಿಮ್ಮ ಖಾಸಗಿ ಫೋಟೊ ಹಾಕಿದ್ದರೆ, ಹಾಕುತ್ತೇನೆ ಅಂತ ಹೆದರಿಸಿದರೆ, ಇವತ್ತಿನ ಈ ಲೆಕ್ಕಾಚಾರ ಯಾವುದೂ ಬೇಡ. ಅದು ಅಪರಾಧ. cybercrime.gov.in ನಲ್ಲಿ ಅಥವಾ ಸೈಬರ್ ಠಾಣೆಯಲ್ಲಿ ದೂರು ಕೊಡಿ. ಊಟ ನಿದ್ದೆ ಬಿಟ್ಟು ವಾರಗಳಾದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪ್ರಶ್ನೆಗಳು.

‘ಮೇಡಂ, ಮ್ಯೂಟ್ ಮಾಡಿದೆ. ಆದರೆ ಅವನು ನಮ್ಮ ಆಫೀಸಿನಲ್ಲೇ ಇದ್ದಾನೆ, ಟೀಮ್ ಗ್ರೂಪ್‌ನಲ್ಲೂ ಇದ್ದಾನೆ. ಅಲ್ಲಿ ಎಲ್ಲರೂ ಅವನ ಫೋಟೊಗೆ ಹಾರ್ಟ್ ಹಾಕ್ತಾರೆ. ನಾನು ಹಾಕಬೇಕಾ?’

ಹಾಕಬೇಕಾಗಿಲ್ಲ. ಗ್ರೂಪಿಗೆ ಬಂದ ಫೋಟೊಗೆ ಯಾರು ಹಾರ್ಟ್ ಹಾಕಲಿಲ್ಲ ಅಂತ ಲೆಕ್ಕ ಇಡುವವರು ಬಹಳ ಕಡಿಮೆ. ನಿಶ್ಚಿತಾರ್ಥದಂಥ ಸುದ್ದಿಯಾದರೆ, ಎಲ್ಲರ ನಡುವೆ ಒಂದು ‘ಅಭಿನಂದನೆಗಳು’ ಸಾಕು. ಗ್ರೂಪನ್ನು ಮ್ಯೂಟ್ ಮಾಡಿ, ಕೆಲಸದ ಮೆಸೇಜಿಗಾಗಿ ದಿನಕ್ಕೆ ಎರಡು ಸಲ ನೀವೇ ಹೋಗಿ ನೋಡಿ. ಆಗ ಫೋಟೊ ಬಂದು ನಿಮ್ಮನ್ನು ಹಿಡಿಯುವುದಿಲ್ಲ, ನೀವು ತಯಾರಾಗಿ ಹೋಗಿರುತ್ತೀರಿ.

‘ಸರ್, ನಾನೂ ಚೆನ್ನಾಗಿರೋ ಫೋಟೊ ಹಾಕಬಾರದಾ? ಅವಳಿಗೆ ತೋರಿಸೋಕೆ ಅಂತ ಅಲ್ಲ, ಸುಮ್ಮನೆ.’

(ಸಭೆಯಲ್ಲಿ ನಗು.)

ಧಾರಾಳವಾಗಿ ಹಾಕಿ. ಸುಮ್ಮನೆಯೋ ಅಲ್ಲವೋ ಅಂತ ತಿಳಿಯುವುದು ಸುಲಭ. ಹಾಕುವ ಮುಂಚೆ My contacts except... ತೆರೆದು ಅವಳೊಬ್ಬಳ ಹೆಸರಿನ ಮುಂದೆ ಗುರುತು ಹಾಕಿ, ಆಮೇಲೆ ಫೋಟೊ ಹಾಕಿ. ಆಗಲೂ ಅಷ್ಟೇ ಉತ್ಸಾಹ ಇದ್ದರೆ ಅದು ಗೆಳೆಯರಿಗೆ ಹಾಕಿದ ಫೋಟೊ. ‘ಹಾಗಾದರೆ ಯಾಕೆ ಹಾಕಲಿ’ ಅನ್ನಿಸಿದರೆ, ಯಾರಿಗೆ ಹಾಕುತ್ತಿದ್ದಿರಿ ಅಂತ ನಿಮಗೇ ಗೊತ್ತಾಯಿತು. ಆ ದಿನ ಹಾಕಬೇಡಿ. ಹಾಕಿದರೆ ನೀವು ಮಾಡುವ ಮುಂದಿನ ಕೆಲಸ ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ತೆರೆದು ಅವಳು ನೋಡಿದಳಾ ಅಂತ ಹುಡುಕುವುದು, ಅವಳು ನಿಮ್ಮನ್ನು ಮ್ಯೂಟ್ ಮಾಡಿದ್ದರೆ ಆ ಹೆಸರು ಬರುವುದೇ ಇಲ್ಲ.